ಸವಕಳಿ: ಒಂದೇ ಯಂತ್ರ, ಎರಡು ಪದ್ಧತಿ (ಲೆಕ್ಕಶಾಸ್ತ್ರ ಅಭ್ಯಾಸ ಹಾಳೆ)

ಸೂಚನೆ: ಮೊದಲು ಬಿಡಿಸಿದ ಲೆಕ್ಕವನ್ನು ಪೆನ್ನು ಹಿಡಿದು ಓದಿ, ಪ್ರತಿ ಅಂಕಿಯನ್ನೂ ನೀವೇ ಒಮ್ಮೆ ಕಟ್ಟಿ ನೋಡಿ. ಆಮೇಲೆ ಪ್ರಶ್ನೆಗಳಿಗೆ ಬನ್ನಿ. ಲೆಕ್ಕದ ವರ್ಷ ಎಲ್ಲ ಕಡೆ ಏಪ್ರಿಲ್ 1ರಿಂದ ಮಾರ್ಚ್ 31. ಜಿಎಸ್‌ಟಿಯನ್ನು ಈ ಹಾಳೆಯಲ್ಲಿ ಹಿಡಿದಿಲ್ಲ.

ಭಾಗ 1: ಬಿಡಿಸಿದ ಲೆಕ್ಕ

ಗಂಗಾವತಿಯ ಒಂದು ಅಕ್ಕಿ ಗಿರಣಿ 1-4-2021ರಂದು ಕಲರ್ ಸಾರ್ಟರ್ ಯಂತ್ರ ಕೊಂಡಿತು. ಅಕ್ಕಿ ಸುರಿಯುತ್ತಿರುವಾಗಲೇ ಕ್ಯಾಮೆರಾದಿಂದ ಕಪ್ಪು ಕಾಳನ್ನು ಗುರುತಿಸಿ, ಸಣ್ಣ ನಳಿಕೆಯಿಂದ ಗಾಳಿ ಊದಿ ಅದನ್ನು ಪಕ್ಕಕ್ಕೆ ತಳ್ಳುವ ಯಂತ್ರವಿದು. ಬೆಲೆ ₹5,40,000. ಲಾರಿ ಬಾಡಿಗೆ ₹25,000. ಕಟ್ಟೆ ಕಟ್ಟಿಸಿ ಜೋಡಿಸಿದ ಖರ್ಚು ₹35,000. ಎಲ್ಲವನ್ನೂ ಬ್ಯಾಂಕಿನಿಂದ ಕೊಡಲಾಗಿದೆ. ಬಾಳಿಕೆ 8 ವರ್ಷ, ಕೊನೆಗೆ ಗುಜರಿ ಬೆಲೆ ₹1,20,000 ಎಂದು ಅಂದಾಜು. 30-9-2023ರಂದು ಯಂತ್ರವನ್ನು ಕಾರಟಗಿಯ ಇನ್ನೊಂದು ಗಿರಣಿಗೆ ₹4,00,000ಕ್ಕೆ ಮಾರಲಾಯಿತು; ಹಣ ಬ್ಯಾಂಕಿಗೆ ಬಂತು.

ಮೊದಲ ಹೆಜ್ಜೆ ಯಂತ್ರದ ವೆಚ್ಚ. ಯಂತ್ರ ಕೆಲಸಕ್ಕೆ ನಿಲ್ಲುವ ತನಕದ ಖರ್ಚೆಲ್ಲ ಯಂತ್ರದ ವೆಚ್ಚವೇ: 5,40,000 + 25,000 + 35,000 = ₹6,00,000. ಲಾರಿ ಬಾಡಿಗೆಯನ್ನು ಸಾಗಾಣಿಕೆ ಖರ್ಚಿಗೆ ಬರೆದರೆ ಮುಂದಿನ ಯಾವ ಅಂಕಿಯೂ ಸರಿ ಬರುವುದಿಲ್ಲ.

ಅ) ಸರಳ ರೇಖಾ ಪದ್ಧತಿ

ವರ್ಷದ ಸವಕಳಿ = (ವೆಚ್ಚ − ಗುಜರಿ ಬೆಲೆ) ÷ ಬಾಳಿಕೆ = (6,00,000 − 1,20,000) ÷ 8 = ₹60,000

| ದಿನಾಂಕ | ವಿವರ | ಡೆಬಿಟ್ ₹ | ಕ್ರೆಡಿಟ್ ₹ |
|---|---|---|---|
| 1-4-2021 | ಯಂತ್ರ ಖಾತೆ | 6,00,000 | |
| | ಬ್ಯಾಂಕ್ ಖಾತೆಗೆ (ಯಂತ್ರ ಕೊಂಡು ಜೋಡಿಸಿದ್ದು) | | 6,00,000 |
| 31-3-2022 | ಸವಕಳಿ ಖಾತೆ | 60,000 | |
| | ಯಂತ್ರ ಖಾತೆಗೆ (ವರ್ಷದ ಸವಕಳಿ) | | 60,000 |
| 31-3-2022 | ಲಾಭ-ನಷ್ಟ ಖಾತೆ | 60,000 | |
| | ಸವಕಳಿ ಖಾತೆಗೆ (ಸವಕಳಿ ವರ್ಗಾಯಿಸಿದ್ದು) | | 60,000 |
| 30-9-2023 | ಸವಕಳಿ ಖಾತೆ | 30,000 | |
| | ಯಂತ್ರ ಖಾತೆಗೆ (6 ತಿಂಗಳ ಸವಕಳಿ) | | 30,000 |
| 30-9-2023 | ಬ್ಯಾಂಕ್ ಖಾತೆ | 4,00,000 | |
| | ಯಂತ್ರ ಖಾತೆಗೆ (ಯಂತ್ರ ಮಾರಿದ್ದು) | | 4,00,000 |
| 30-9-2023 | ಲಾಭ-ನಷ್ಟ ಖಾತೆ | 50,000 | |
| | ಯಂತ್ರ ಖಾತೆಗೆ (ಮಾರಾಟದ ನಷ್ಟ) | | 50,000 |
| 31-3-2024 | ಲಾಭ-ನಷ್ಟ ಖಾತೆ | 30,000 | |
| | ಸವಕಳಿ ಖಾತೆಗೆ (ಸವಕಳಿ ವರ್ಗಾಯಿಸಿದ್ದು) | | 30,000 |

31-3-2023ರ ನಮೂದುಗಳು 31-3-2022ರಂತೆಯೇ ಇರುವುದರಿಂದ ಮತ್ತೆ ಬರೆದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಬಿಡದೆ ಬರೆಯಿರಿ.

ನಷ್ಟ ಬಂದದ್ದು ಹೀಗೆ: ಮಾರಿದ ದಿನದ ಪುಸ್ತಕ ಬೆಲೆ 6,00,000 − 60,000 − 60,000 − 30,000 = 4,50,000. ಕೈಗೆ ಬಂದದ್ದು 4,00,000. ಮಾರುವ ದಿನದ ತನಕದ ಸವಕಳಿಯನ್ನು ಮೊದಲು ಬರೆದು, ಆಮೇಲೆ ಮಾರಾಟ ಬರೆಯುವುದು ಕ್ರಮ.

ಆ) ಇಳಿಕೆ ಶೇಷ ಪದ್ಧತಿ, ವರ್ಷಕ್ಕೆ ಶೇ 20

ಇಲ್ಲಿ ದರ ಬದಲಾಗುವುದಿಲ್ಲ, ದರ ಹಾಕುವ ಮೊತ್ತ ಬದಲಾಗುತ್ತದೆ. ವರ್ಷದ ಆರಂಭದಲ್ಲಿ ಉಳಿದ ಶಿಲ್ಕಿನ ಮೇಲೆ ಸವಕಳಿ. ಗುಜರಿ ಬೆಲೆಯನ್ನು ಇಲ್ಲಿ ಮತ್ತೆ ಕಳೆಯಬೇಡಿ.

| ಅವಧಿ | ಆರಂಭದ ಶಿಲ್ಕು ₹ | ಸವಕಳಿ ₹ | ಕೊನೆಯ ಶಿಲ್ಕು ₹ |
|---|---|---|---|
| 2021-22 | 6,00,000 | 1,20,000 | 4,80,000 |
| 2022-23 | 4,80,000 | 96,000 | 3,84,000 |
| 30-9-2023ರ ತನಕ, 6 ತಿಂಗಳು | 3,84,000 | 38,400 | 3,45,600 |

ಜರ್ನಲ್ ನಮೂದುಗಳ ರೂಪ ಮೇಲಿನದ್ದೇ. ಸವಕಳಿಯ ಮೊತ್ತಗಳಷ್ಟೇ ಬೇರೆ. ಮಾರಾಟದ ನಮೂದಿನ ₹4,00,000 ಹಾಗೇ ಉಳಿಯುತ್ತದೆ. ಕೊನೆಯ ಹೊಂದಾಣಿಕೆ ಮಾತ್ರ ತಿರುವು ಮುರುವಾಗುತ್ತದೆ, ಏಕೆಂದರೆ 4,00,000 − 3,45,600 = ₹54,400 ಲಾಭ:

| ದಿನಾಂಕ | ವಿವರ | ಡೆಬಿಟ್ ₹ | ಕ್ರೆಡಿಟ್ ₹ |
|---|---|---|---|
| 30-9-2023 | ಯಂತ್ರ ಖಾತೆ | 54,400 | |
| | ಲಾಭ-ನಷ್ಟ ಖಾತೆಗೆ (ಮಾರಾಟದ ಲಾಭ) | | 54,400 |

ಈ ಜಾಗದಲ್ಲಿ ನಿಂತು ಯೋಚಿಸಿ. ಅದೇ ಯಂತ್ರ, ಅದೇ ಗಿರಾಕಿ, ಅದೇ ಬೆಲೆ. ಒಂದು ಪುಸ್ತಕದಲ್ಲಿ ₹50,000 ನಷ್ಟ, ಇನ್ನೊಂದರಲ್ಲಿ ₹54,400 ಲಾಭ. ಯಾವುದು ನಿಜ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸವಕಳಿಯನ್ನೂ ಸೇರಿಸಿ ಕೂಡಿಸಿ ನೋಡಿ:

ಸರಳ ರೇಖಾ: 1,50,000 + 50,000 = 2,00,000
ಇಳಿಕೆ ಶೇಷ: 2,54,400 − 54,400 = 2,00,000

6 ಲಕ್ಷಕ್ಕೆ ಕೊಂಡು 4 ಲಕ್ಷಕ್ಕೆ ಮಾರಿದ ಮೇಲೆ ಗಿರಣಿಗೆ ತಗುಲಿದ್ದು 2 ಲಕ್ಷ. ಯಾವ ಪದ್ಧತಿಯೂ ಇದರಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆ ಮಾಡಲಾರದು. ಯಾವ ವರ್ಷದ ಲಾಭದಿಂದ ಎಷ್ಟು ಕಳೆಯಬೇಕು ಎಂಬುದನ್ನಷ್ಟೇ ಪದ್ಧತಿ ನಿರ್ಧರಿಸುತ್ತದೆ. ಉತ್ತರ ಬರೆದ ಮೇಲೆ ಈ ತಾಳೆ ನೋಡುವ ಅಭ್ಯಾಸ ಇಟ್ಟುಕೊಂಡರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಯಂತ್ರಕ್ಕೆ ನನ್ನ ಒಲವು ಇಳಿಕೆ ಶೇಷ ಪದ್ಧತಿಯ ಕಡೆಗೆ. ತೌಡಿನ ಧೂಳಿನಲ್ಲಿ ದುಡಿಯುವ ನಳಿಕೆ, ಕ್ಯಾಮೆರಾಗಳಿಗೆ ವರ್ಷ ಕಳೆದಂತೆ ರಿಪೇರಿ ಹೆಚ್ಚುತ್ತದೆ. ಸವಕಳಿ ಇಳಿಯುವಾಗ ರಿಪೇರಿ ಏರಿದರೆ ಎರಡೂ ಸೇರಿದ ಭಾರ ವರ್ಷಗಳ ಮೇಲೆ ಸುಮಾರಾಗಿ ಸಮನಾಗಿ ಬೀಳುತ್ತದೆ. ಕಚೇರಿಯ ಕಪಾಟು, ಮೇಜಿನಂಥವಕ್ಕೆ ಸರಳ ರೇಖೆಯೇ ಸಾಕು.

ದರದ ಬಗ್ಗೆ ಒಂದು ಮಾತು. ಶೇ 20ರಂತೆ 8 ವರ್ಷ ನಡೆಸಿದರೆ ಶಿಲ್ಕು ಸುಮಾರು ₹1,00,663ಕ್ಕೆ ಇಳಿಯುತ್ತದೆ. ಸರಿಯಾಗಿ ₹1,20,000ಕ್ಕೆ ನಿಲ್ಲಬೇಕಾದರೆ ದರ ಸುಮಾರು ಶೇ 18.22 ಇರಬೇಕು. ಸೂತ್ರ, n ಬಾಳಿಕೆಯ ವರ್ಷಗಳು, S ಗುಜರಿ ಬೆಲೆ, C ವೆಚ್ಚ:

```
r = 1 - (S/C)^(1/n)
```

ಆದಾಯ ತೆರಿಗೆಯ ಲೆಕ್ಕವನ್ನು ಇದರೊಡನೆ ಬೆರೆಸಬೇಡಿ. ಅಲ್ಲಿ ಒಂದೇ ದರದ ಆಸ್ತಿಗಳನ್ನು ಒಂದು ಗುಂಪಾಗಿ ಹಿಡಿದು ಇಳಿಕೆ ಶೇಷದ ಮೇಲೆ ಸವಕಳಿ ಹಾಕುತ್ತಾರೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ. ನಾವು ಇಲ್ಲಿ ತಿಂಗಳ ಲೆಕ್ಕ ಹಿಡಿದಿದ್ದೇವೆ.

ಭಾಗ 2: ನೀವು ಬಿಡಿಸಿ

1. ಬಳ್ಳಾರಿಯ ಒಂದು ಜೀನ್ಸ್ ಘಟಕ 1-10-2022ರಂದು ಹೊಲಿಗೆ ಯಂತ್ರಗಳನ್ನು ₹2,30,000ಕ್ಕೆ ಕೊಂಡು, ಜೋಡಣೆಗೆ ₹10,000 ಕೊಟ್ಟಿತು. ಬಾಳಿಕೆ 9 ವರ್ಷ, ಗುಜರಿ ಬೆಲೆ ₹24,000. 31-3-2024ರ ತನಕ (ಅ) ಸರಳ ರೇಖಾ ಪದ್ಧತಿ, (ಆ) ಶೇ 15ರ ಇಳಿಕೆ ಶೇಷ ಪದ್ಧತಿಯಂತೆ ಜರ್ನಲ್ ನಮೂದು ಬರೆಯಿರಿ. (6 ಅಂಕ)

2. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಘಟಕ 1-4-2021ರಂದು ₹4,00,000ಕ್ಕೆ ಒಂದು ಯಂತ್ರ, 1-10-2022ರಂದು ₹2,00,000ಕ್ಕೆ ಇನ್ನೊಂದು ಯಂತ್ರ ಕೊಂಡಿತು. ಮೊದಲನೆಯದನ್ನು 31-3-2024ರಂದು ₹2,80,000ಕ್ಕೆ ಮಾರಿತು. ಶೇ 10, ಇಳಿಕೆ ಶೇಷ ಪದ್ಧತಿ. ಮೂರು ವರ್ಷಗಳ ಯಂತ್ರ ಖಾತೆ ಮತ್ತು ಮಾರಾಟದ ಜರ್ನಲ್ ನಮೂದುಗಳನ್ನು ತಯಾರಿಸಿ. ಎರಡು ಯಂತ್ರಗಳಿಗೆ ಬೇರೆ ಬೇರೆ ಕೋಷ್ಟಕ ಹಾಕಿಕೊಳ್ಳಿ. (12 ಅಂಕ)

3. ಭಾಗ 1ರ ಗಿರಣಿ ಸಾರ್ಟರನ್ನು ಮಾರದೆ ಇಟ್ಟುಕೊಂಡು, ಸವಕಳಿಯನ್ನು ಸಂಚಿತ ಸವಕಳಿ ಖಾತೆಯಲ್ಲಿ ಇಟ್ಟಿದ್ದರೆ, ಸರಳ ರೇಖೆಯಂತೆ 31-3-2023ರ ಅಢಾವೆ ಪತ್ರಿಕೆಯಲ್ಲಿ ಯಂತ್ರ ಹೇಗೆ ಕಾಣುತ್ತದೆ? ವರ್ಷದ ಸವಕಳಿಯ ನಮೂದು ಬರೆಯಿರಿ. (4 ಅಂಕ)

4. “ಕಾಲುವೆಗೆ ನೀರು ಬರಲಿಲ್ಲ, ಭತ್ತ ಬರಲಿಲ್ಲ, ಗಿರಣಿ ನಾಲ್ಕು ತಿಂಗಳು ನಿಂತಿತ್ತು. ಆ ತಿಂಗಳುಗಳ ಸವಕಳಿ ಬಿಟ್ಟುಬಿಡಿ” ಎನ್ನುತ್ತಾರೆ ಮಾಲೀಕರು. ಗಿರಣಿಯ ಲೆಕ್ಕ ಬರೆಯುವವರಾಗಿ ಏನು ಹೇಳುತ್ತೀರಿ? (2 ಅಂಕ)

ಉತ್ತರಗಳು

1. (ಅ) ಸವಕಳಿ ₹12,000 ಮತ್ತು ₹24,000, ಶಿಲ್ಕು ₹2,04,000. (ಆ) ಸವಕಳಿ ₹18,000 ಮತ್ತು ₹33,300, ಶಿಲ್ಕು ₹1,88,700.

2. ಮೊದಲ ಯಂತ್ರದ ಸವಕಳಿ ₹40,000, ₹36,000, ₹32,400, ಪುಸ್ತಕ ಬೆಲೆ ₹2,91,600, ನಷ್ಟ ₹11,600. ಎರಡನೆಯದರ ಸವಕಳಿ ₹10,000, ₹19,000. 31-3-2024ರ ಯಂತ್ರ ಖಾತೆಯ ಶಿಲ್ಕು ₹1,71,000.

3. ಸವಕಳಿ ಖಾತೆ ಡೆಬಿಟ್ ₹60,000, ಸಂಚಿತ ಸವಕಳಿ ಖಾತೆಗೆ ₹60,000. ಅಢಾವೆ ಪತ್ರಿಕೆಯಲ್ಲಿ ಯಂತ್ರ ₹6,00,000, ಕಳೆಯಿರಿ ಸಂಚಿತ ಸವಕಳಿ ₹1,20,000, ಉಳಿದದ್ದು ₹4,80,000. ಯಂತ್ರ ಖಾತೆಯಲ್ಲಿ ಮೂಲ ವೆಚ್ಚವೇ ಉಳಿಯುತ್ತದೆ.

4. ಬಿಡುವಂತಿಲ್ಲ. ಎರಡೂ ಪದ್ಧತಿಗಳು ಕಾಲವನ್ನು ಆಧರಿಸಿವೆ. ನಿಂತ ಯಂತ್ರಕ್ಕೂ ತುಕ್ಕು ಹಿಡಿಯುತ್ತದೆ, ಅದು ಹಳೆಯ ಮಾದರಿಯೂ ಆಗುತ್ತದೆ. ಉತ್ಪಾದನೆಯ ಪ್ರಮಾಣದ ಮೇಲೆ ಸವಕಳಿ ಹಾಕುವ ಪದ್ಧತಿ ಇಟ್ಟುಕೊಂಡಿದ್ದರೆ ಮಾತ್ರ, ಉತ್ಪಾದನೆ ಇಲ್ಲದ ತಿಂಗಳಿಗೆ ಸವಕಳಿ ಸೊನ್ನೆಯಾಗಬಹುದು.