ವಾರ್ಷಿಕೋತ್ಸವದ ಸ್ವಾಗತ ಭಾಷಣ

ಎಲ್ಲರಿಗೂ ನಮಸ್ಕಾರ!

ಕೊನೇ ಸಾಲಿನಲ್ಲಿ ಕುಳಿತ ಅಜ್ಜ, ಅಜ್ಜಿಯರೇ, ನನ್ನ ಮಾತು ಕೇಳಿಸುತ್ತಿದೆ ಅಲ್ವಾ?

ನಾನು 8ನೇ ತರಗತಿಯ ವಿದ್ಯಾರ್ಥಿನಿ. ಧಾರವಾಡದ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಿಮ್ಮೆಲ್ಲರಿಗೂ ಪ್ರೀತಿಯ ಸ್ವಾಗತ.

ಮುಖ್ಯ ಅತಿಥಿಗಳೇ, ಕೆಲಸ ಬಿಟ್ಟು ನಮಗಾಗಿ ಬಂದಿದ್ದೀರಿ. ನಿಮಗೆ ಸ್ವಾಗತ. ಮುಖ್ಯ ಗುರುಗಳೇ, ಶಿಕ್ಷಕರೇ, ಎಸ್‌ಡಿಎಂಸಿ ಸದಸ್ಯರೇ, ನಿಮಗೂ ಸ್ವಾಗತ.

ಬಿಸಿಯೂಟದ ಅಕ್ಕಂದಿರೇ, ನಿಮಗೆ ಜೋರಾದ ಸ್ವಾಗತ! ಇವತ್ತು ಬೆಳಿಗ್ಗೆ 6 ಗಂಟೆಗೇ ಬಂದು 300 ಮಕ್ಕಳಿಗೆ ಉಪ್ಪಿಟ್ಟು ಮಾಡಿದ್ದೀರಿ. ದಯವಿಟ್ಟು ಎದ್ದು ನಿಲ್ಲಿ. ಎಲ್ಲರೂ ನಿಮ್ಮನ್ನು ನೋಡಲಿ.

ಪಾಲಕರೇ, ನಿಮಗೆ ಸ್ವಾಗತ. ಪರದೆಯ ಹಿಂದೆ ನಿಮ್ಮ ಪುಟಾಣಿಗಳು ಕೋಲು ಹಿಡಿದು ನಿಂತಿದ್ದಾರೆ. ಒಬ್ಬಳ ಗೆಜ್ಜೆ ಸಡಿಲವಾಗಿತ್ತು, ಈಗಷ್ಟೇ ದಾರ ಸುತ್ತಿ ಬಿಗಿ ಮಾಡಿ ಬಂದೆ. ಅವರಿಗಾಗಿ ಜೋರಾಗಿ ಚಪ್ಪಾಳೆ ತಟ್ಟಿ.

ಕೋಲಾಟ ಶುರುವಾಗಲಿ!