ಮನೆ ಸಾಮಾನು ಸಾಗಣೆ ಮತ್ತು ಪೀಠೋಪಕರಣ ದುರಸ್ತಿ: ಮೂರು ತಿಂಗಳ ಪ್ರಾಯೋಗಿಕ ಸಹಭಾಗಿತ್ವದ ಪ್ರಸ್ತಾವನೆ

ಇವರಿಂದ:
ಮಾಲೀಕರು, ಮರದ ಪೀಠೋಪಕರಣ ದುರಸ್ತಿ ಮತ್ತು ಪಾಲಿಶ್ ಕಾರ್ಯಾಗಾರ

ಇವರಿಗೆ:
ವ್ಯವಸ್ಥಾಪಕರು, ಮನೆ ಸಾಮಾನು ಸಾಗಣೆ ಸಂಸ್ಥೆ

ವಿಷಯ: ಸಾಗಣೆಯ ವೇಳೆ ದೊಡ್ಡ ಪೀಠೋಪಕರಣಗಳನ್ನು ಬಿಚ್ಚಿ ಮರುಜೋಡಿಸುವ ಕೆಲಸವನ್ನು ಪ್ರಾಯೋಗಿಕವಾಗಿ ಜಂಟಿಯಾಗಿ ನಡೆಸುವ ಬಗ್ಗೆ

ಮಾನ್ಯರೇ,

ತಾವು ಮನೆ ಬದಲಿಸುವವರ ಸಾಮಾನುಗಳನ್ನು ಕಟ್ಟಿ, ಸಾಗಿಸಿ, ಹೊಸ ಮನೆಯಲ್ಲಿ ಇಳಿಸಿಕೊಡುತ್ತೀರಿ. ನಾವು ಮರದ ಪೀಠೋಪಕರಣಗಳನ್ನು ದುರಸ್ತಿ ಮಾಡಿ, ಪಾಲಿಶ್ ಹಾಕಿ, ಸಡಿಲಗೊಂಡ ಕೀಲುಗಳನ್ನು ಸರಿಪಡಿಸುತ್ತೇವೆ. ತಮ್ಮ ಕೆಲಸ ಮುಗಿದ ಕೆಲವು ದಿನಗಳ ನಂತರ ಅದೇ ಗ್ರಾಹಕರು ಬೇರೆ ಕಾರಣಕ್ಕೆ ನಮ್ಮ ಬಳಿ ಬರುವುದನ್ನು ನಾವು ಹಲವು ಸಲ ನೋಡಿದ್ದೇವೆ. ಹಾಗೆ ನಂತರ ಬರುವ ಕೆಲಸವನ್ನು ಮೊದಲೇ ಕೈಗೆತ್ತಿಕೊಂಡರೆ ಮೂವರಿಗೂ ಅನುಕೂಲವಾದೀತು ಎಂಬ ಅಭಿಪ್ರಾಯದಿಂದ ಈ ಪತ್ರ ಬರೆಯುತ್ತಿದ್ದೇವೆ. ದೊಡ್ಡ ಒಪ್ಪಂದವನ್ನು ನಾವು ಕೇಳುತ್ತಿಲ್ಲ. ಮುಂದಿನ ತಿಂಗಳ 1ನೇ ತಾರೀಖಿನಿಂದ ಮೂರು ತಿಂಗಳ ಅವಧಿಗೆ, ಹೆಚ್ಚೆಂದರೆ 12 ಮನೆಗಳ ಸಾಗಣೆಗೆ ಸೀಮಿತವಾದ ಒಂದು ಪ್ರಯೋಗವನ್ನಷ್ಟೇ ಕೋರುತ್ತಿದ್ದೇವೆ.

ಸಾಗಣೆಯ ನಂತರ ನಮ್ಮಲ್ಲಿಗೆ ಬರುವ ಪೀಠೋಪಕರಣಗಳಲ್ಲಿ ಹೆಚ್ಚಿನವು ಲಾರಿಯಲ್ಲಿ ಪೆಟ್ಟು ತಿಂದವಲ್ಲ, ಬಿಚ್ಚುವಾಗಲೋ ಜೋಡಿಸುವಾಗಲೋ ಹಾಳಾದವು. ಇದರಲ್ಲಿ ತಮ್ಮ ಸಿಬ್ಬಂದಿಯ ನಿರ್ಲಕ್ಷ್ಯಕ್ಕಿಂತ ಪೀಠೋಪಕರಣದ ಸ್ವಭಾವದ ಪಾಲೇ ಹೆಚ್ಚು. ಇಂದಿನ ಅನೇಕ ವಾರ್ಡ್‌ರೋಬ್‌ಗಳೂ ಮಂಚಗಳೂ ಪಾರ್ಟಿಕಲ್ ಬೋರ್ಡಿನವು. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಈ ಹಲಗೆಗೆ ಗಟ್ಟಿಮರದಂತೆ ಉದ್ದನೆಯ ನಾರಿನ ಹಿಡಿತ ಇರುವುದಿಲ್ಲ. ಹೀಗಾಗಿ ಒಮ್ಮೆ ಬಿಗಿದ ತಿರುಪನ್ನು ಬಿಚ್ಚಿ ಅದೇ ರಂಧ್ರಕ್ಕೆ ಮತ್ತೆ ಬಿಗಿದಾಗ ರಂಧ್ರದ ಒಳಗೋಡೆ ಪುಡಿಯಾಗುತ್ತ ಹೋಗುತ್ತದೆ. ಕೈಯಲ್ಲಿ ತಿರುಗಿಸಿ ನಿಲ್ಲಿಸಬೇಕಾದ ಕಡೆ ವಿದ್ಯುತ್ ಸ್ಕ್ರೂಡ್ರೈವರ್ ಅನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಒಂದೇ ಸಲಕ್ಕೆ ಹಿಡಿತ ಹೋಗುತ್ತದೆ. ಬಾಗಿಲಿನ ಹಿಂಜ್ ವಾರದೊಳಗೆ ಜೋತು ಬೀಳುತ್ತದೆ, ಗ್ರಾಹಕರು ದೂರುವುದು ತಮ್ಮನ್ನು. ಅಂತಹ ರಂಧ್ರವನ್ನು ಅಂಟು ಮತ್ತು ಮರದ ಗೂಟದಿಂದ ತುಂಬಿ ಹೊಸದಾಗಿ ಕೊರೆದು ತಿರುಪು ಹಾಕುವುದು ಬಡಗಿಗೆ ದಿನನಿತ್ಯದ ಕೆಲಸ. ಸಾಮಾನು ಹೊರುವ ತಂಡದಿಂದ ಅದನ್ನು ನಿರೀಕ್ಷಿಸುವುದು ಸರಿಯಲ್ಲ.

ಪಾಲಿಶ್‌ನ ವಿಷಯವೂ ಹೀಗೆಯೇ. ಹೊಸದಾಗಿ ಪಾಲಿಶ್ ಆದ ಮೇಜು ಮುಟ್ಟಿದಾಗ ಒಣಗಿದಂತೆ ಕಂಡರೂ ಒಳಪದರ ಪೂರ್ತಿ ಗಟ್ಟಿಯಾಗಲು ಇನ್ನೂ ದಿನಗಳು ಬೇಕಿರಬಹುದು. ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿ ಬಿಸಿ ಲಾರಿಯಲ್ಲಿ ಇರಿಸಿದರೆ ಗುಳ್ಳೆಗಳ ಅಚ್ಚು ಮೇಲ್ಮೈಯಲ್ಲಿ ಉಳಿಯುತ್ತದೆ. ಮೊದಲು ಹತ್ತಿಯ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಎಂಬ ಕ್ರಮವೊಂದರಿಂದಲೇ ಇದನ್ನು ತಪ್ಪಿಸಬಹುದು. ತಾವು ನಮ್ಮ ಪ್ರಸ್ತಾವನೆಯನ್ನು ಒಪ್ಪದಿದ್ದರೂ ಇಷ್ಟನ್ನು ತಮ್ಮ ತಂಡಕ್ಕೆ ತಿಳಿಸಬಹುದೆಂದು ಇಲ್ಲಿಯೇ ಬರೆದಿದ್ದೇವೆ.

ಪ್ರಯೋಗದ ವ್ಯಾಪ್ತಿಯನ್ನು ಬೇಕೆಂದೇ ಕಿರಿದಾಗಿ ಇಟ್ಟಿದ್ದೇವೆ. ವಾರ್ಡ್‌ರೋಬ್, ಮಂಚ, ದೊಡ್ಡ ಮೇಜು ಮತ್ತು ಪುಸ್ತಕದ ಕಪಾಟು, ಈ ನಾಲ್ಕು ಬಗೆಯವನ್ನು ಮಾತ್ರ ನಾವು ಬಿಚ್ಚಿ ಜೋಡಿಸುತ್ತೇವೆ. ಅದೂ ಒಂದು ಮನೆಯಲ್ಲಿ ಇಂತಹವು ಕನಿಷ್ಠ ಎರಡಿದ್ದು, ಸಾಗಣೆ ಒಂದೇ ದಿನದಲ್ಲಿ ಮುಗಿಯುವಂತಿದ್ದರೆ ಮಾತ್ರ. ಗೋಡೆಗೆ ಕೂಡಿಸಿ ಕಟ್ಟಿದ ಕಪಾಟುಗಳು, ಕಲ್ಲಿನ ಅಥವಾ ಗಾಜಿನ ಹಾಸು ಇರುವ ಮೇಜುಗಳು ಮತ್ತು ಕೆತ್ತನೆಯ ಹಳೆಯ ವಸ್ತುಗಳನ್ನು ಈ ಅವಧಿಯಲ್ಲಿ ಮುಟ್ಟುವುದಿಲ್ಲ. ಇವು ನಮ್ಮಿಂದ ಆಗದ ಕೆಲಸಗಳೇನಲ್ಲ. ಆದರೆ ಇವುಗಳಲ್ಲಿ ಒಂದಕ್ಕೆ ಪೆಟ್ಟಾದರೂ ಇಡೀ ಪ್ರಯೋಗದ ಫಲಿತಾಂಶ ಆ ಒಂದು ಘಟನೆಯ ಹಿಂದೆ ಮರೆಯಾಗಿಬಿಡುತ್ತದೆ.

ಕೆಲಸ ಹೀಗೆ ಸಾಗಬಹುದು. ಅಂದಾಜು ಮಾಡಲು ಹೋದ ತಮ್ಮ ಸಿಬ್ಬಂದಿ ಗ್ರಾಹಕರ ಒಪ್ಪಿಗೆ ಪಡೆದು, ಸಂಬಂಧಪಟ್ಟ ಪೀಠೋಪಕರಣಗಳ ಚಿತ್ರಗಳನ್ನು ಸಾಗಣೆಗೆ ಮೂರು ದಿನ ಮುಂಚೆ ನಮಗೆ ಕಳುಹಿಸುತ್ತಾರೆ. ಕಟ್ಟುವ ದಿನ ಬೆಳಿಗ್ಗೆ, ತಮ್ಮ ತಂಡ ಬರುವುದಕ್ಕೆ ಎರಡು ಗಂಟೆ ಮೊದಲು, ನಮ್ಮ ಇಬ್ಬರು ಬಡಗಿಗಳು ಹೋಗಿ ಪ್ರತಿ ವಸ್ತುವಿನ ಸ್ಥಿತಿಯನ್ನು ಗ್ರಾಹಕರ ಎದುರಿನಲ್ಲೇ ಚಿತ್ರ ಸಹಿತ ದಾಖಲಿಸಿ, ಬಿಚ್ಚಿ, ಹಲಗೆಗಳಿಗೆ ಕ್ರಮಸಂಖ್ಯೆಯ ಚೀಟಿ ಅಂಟಿಸುತ್ತಾರೆ. ತಿರುಪು, ಕ್ಯಾಮ್ ಲಾಕ್, ಹಿಂಜ್ ಮುಂತಾದವನ್ನು ವಸ್ತುವಿಗೊಂದರಂತೆ ಚೀಲದಲ್ಲಿ ಹಾಕಿ, ಎಲ್ಲ ಚೀಲಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ತಮ್ಮ ಮೇಲ್ವಿಚಾರಕರಿಗೆ ಸಹಿ ಪಡೆದು ಒಪ್ಪಿಸುತ್ತಾರೆ. ಆ ಪೆಟ್ಟಿಗೆ ಲಾರಿಯ ಹಿಂಭಾಗದಲ್ಲಿ ಇರದೆ ಚಾಲಕರ ಪಕ್ಕದಲ್ಲಿ ಬರಬೇಕೆಂಬುದು ನಮ್ಮ ವಿನಂತಿ. ಸಾಮಾನುಗಳ ನಡುವೆ ತಿರುಪಿನ ಚೀಲ ಹುಡುಕುತ್ತ ಸಂಜೆ ಕಳೆದ ಅನುಭವ ತಮ್ಮ ತಂಡಕ್ಕೂ ಇದ್ದೀತು. ಕಟ್ಟುವುದು, ಹೊರುವುದು, ಸಾಗಿಸುವುದು, ಆಯಾ ಕೋಣೆಯಲ್ಲಿ ಇಳಿಸುವುದು ಪೂರ್ತಿ ತಮ್ಮದು. ಇಳಿಸಿದ 24 ಗಂಟೆಯೊಳಗೆ ನಾವು ಬಂದು ಜೋಡಿಸುತ್ತೇವೆ. ಮಂಚಗಳನ್ನು ಮಾತ್ರ ಅಂದೇ ರಾತ್ರಿಯೊಳಗೆ ಜೋಡಿಸಿ ಕೊಡುತ್ತೇವೆ.

ಹಾನಿಯ ಹೊಣೆ ಯಾರದೆಂಬುದು ಇಂತಹ ಸಹಭಾಗಿತ್ವಗಳು ಮುರಿದುಬೀಳುವ ಜಾಗವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಬಿಚ್ಚುವಾಗ ಮತ್ತು ಜೋಡಿಸುವಾಗ ಆದ ಹಾನಿ ನಮ್ಮದು. ಹಲಗೆಗಳು ಸಹಿಯೊಂದಿಗೆ ತಮ್ಮ ಕೈಗೆ ಬಂದಾಗಿನಿಂದ ಹೊಸ ಮನೆಯಲ್ಲಿ ಇಳಿಯುವವರೆಗೆ ಆದದ್ದು ತಮ್ಮದು. ಮೊದಲೇ ಇದ್ದು ಚಿತ್ರದಲ್ಲಿ ದಾಖಲಾದ ಬಿರುಕು, ಗೀರು, ಹುಳು ಕೊರೆದ ಭಾಗಗಳಿಗೆ ಇಬ್ಬರೂ ಹೊಣೆಯಲ್ಲ. ಇಷ್ಟಾದ ಮೇಲೂ ಯಾವ ಹಂತದಲ್ಲಿ ಆಯಿತೆಂದು ಹೇಳಲಾಗದ ಹಾನಿಗಳು ಉಳಿಯುತ್ತವೆ, ವಿಶೇಷವಾಗಿ ಲ್ಯಾಮಿನೇಟ್ ಹಲಗೆಗಳ ಅಂಚು ಚಕ್ಕೆ ಏಳುವುದು ಹೊರಗಿನ ಪೆಟ್ಟಿನಿಂದಲೂ ಆಗಬಹುದು, ಜೋಡಿಸುವಾಗಿನ ಒತ್ತಡದಿಂದಲೂ ಆಗಬಹುದು. ಅಂತಹವುಗಳ ದುರಸ್ತಿ ವೆಚ್ಚವನ್ನು ಸಮನಾಗಿ ಹಂಚಿಕೊಳ್ಳೋಣ. ಹೊಣೆ ಯಾರದೇ ಆಗಿರಲಿ, ದುರಸ್ತಿಯನ್ನು ನಾವು 7 ದಿನದೊಳಗೆ ಮಾಡಿಕೊಡುತ್ತೇವೆ, ಲೆಕ್ಕಾಚಾರವನ್ನು ನಂತರ ನೋಡಿಕೊಳ್ಳೋಣ. ಎರಡು ಸಂಸ್ಥೆಗಳ ನಡುವಿನ ಚರ್ಚೆ ಮುಗಿಯುವವರೆಗೆ ಗ್ರಾಹಕರು ಕಾಯುವಂತಾದರೆ, ಜೊತೆಯಾಗಿ ಕೆಲಸ ಮಾಡಿದ್ದೇ ಅವರಿಗೆ ತೊಂದರೆಯಾಗಿ ಕಾಣುತ್ತದೆ. ಸರಿಪಡಿಸಲಾಗದಷ್ಟು ಹಾಳಾದ ವಸ್ತುವಿನ ಪರಿಹಾರವನ್ನು ಹೊಣೆ ಹೊತ್ತವರು ಕೊಡಬೇಕು. ತಮ್ಮ ಸಾಗಣೆ ವಿಮೆಯಲ್ಲಿ, ಬೇರೊಬ್ಬರು ಬಿಚ್ಚಿದ ವಸ್ತುಗಳ ಬಗ್ಗೆ ಏನು ಷರತ್ತಿದೆ ಎಂಬುದನ್ನು ಪ್ರಯೋಗ ಆರಂಭವಾಗುವ ಮುನ್ನ ತಾವು ವಿಮಾ ಕಂಪನಿಯಿಂದ ಲಿಖಿತವಾಗಿ ತಿಳಿದುಕೊಳ್ಳಬೇಕೆಂದು ಕೋರುತ್ತೇವೆ. ಉತ್ತರ ಅನುಕೂಲಕರವಾಗಿ ಬರದಿದ್ದರೆ ಈ ಭಾಗವನ್ನು ಮತ್ತೆ ಕೂತು ಬರೆಯಬೇಕಾಗುತ್ತದೆ.

ಹಣದ ವಿಷಯದಲ್ಲಿ ನಾವು ಕಮಿಷನ್ ಕೊಡುವುದನ್ನಾಗಲಿ ಕೇಳುವುದನ್ನಾಗಲಿ ಪ್ರಸ್ತಾಪಿಸುತ್ತಿಲ್ಲ. ಕಮಿಷನ್ ಇದ್ದಲ್ಲಿ ಬೇಡದ ಮನೆಗೂ ಬಡಗಿಯನ್ನು ಕಳುಹಿಸುವ ಆಸೆ ಹುಟ್ಟುವುದು ಸಹಜ, ಅದನ್ನು ಗ್ರಾಹಕರು ಬೇಗ ಗುರುತಿಸುತ್ತಾರೆ. ಅದರ ಬದಲು ನಮ್ಮ ಶುಲ್ಕ ತಮ್ಮ ಬಿಲ್ಲಿನಲ್ಲಿಯೇ ಪ್ರತ್ಯೇಕ ಸಾಲಾಗಿ ಕಾಣಲಿ. ವಸ್ತುವಾರು ದರಪಟ್ಟಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದು, ಮೂರು ತಿಂಗಳೂ ಅದನ್ನು ಬದಲಿಸುವುದಿಲ್ಲ. ಗ್ರಾಹಕರಿಂದ ತಾವು ಪಡೆದ ಮೊತ್ತವನ್ನು ಕೆಲಸ ಮುಗಿದ 15 ದಿನದೊಳಗೆ ನಮಗೆ ಸಲ್ಲಿಸಬೇಕು. ಆರಂಭಕ್ಕೆ 24 ಗಂಟೆಗಿಂತ ಕಡಿಮೆ ಸಮಯ ಉಳಿದಿರುವಾಗ ರದ್ದಾದ ಕೆಲಸಕ್ಕೆ ಅರ್ಧ ಶುಲ್ಕ ಅನ್ವಯಿಸುತ್ತದೆ. ನಮ್ಮ ಕಡೆಯಿಂದ ಕೊನೆಯ ಗಳಿಗೆಯಲ್ಲಿ ತಪ್ಪಿದರೆ ಆ ಮನೆಯ ಮುಂದಿನ ಭೇಟಿ ಉಚಿತ.

ಇದರಿಂದ ತಮಗಾಗುವ ಲಾಭ ಬಿಚ್ಚುವ ಕೆಲಸ ತಪ್ಪುವುದಷ್ಟೇ ಅಲ್ಲ. ಬೆಳಿಗ್ಗೆ ತಮ್ಮ ತಂಡ ಬಂದಾಗ ಹಲಗೆಗಳು ಕಟ್ಟಲು ಸಿದ್ಧವಾಗಿರುವುದರಿಂದ ಲಾರಿ ಬೇಗ ಹೊರಡಬಹುದು. ವಸ್ತುಗಳ ಮೂಲ ಸ್ಥಿತಿಯ ದಾಖಲೆ ಕೈಯಲ್ಲಿರುವುದರಿಂದ ಪರಿಹಾರದ ವಾದಗಳು ಕಡಿಮೆಯಾಗಬಹುದು. ನಮಗೆ ಸಿಗುವುದು ಮುಂಚಿತವಾಗಿ ಗೊತ್ತಾದ ಕೆಲಸ ಮತ್ತು ಮುಂದೆ ಪಾಲಿಶ್‌ಗೂ ಬರಬಹುದಾದ ಗ್ರಾಹಕರ ಪರಿಚಯ. ಒಂದು ಇಕ್ಕಟ್ಟನ್ನೂ ಹೇಳಬೇಕು. ಮನೆ ಬದಲಿಸುವವರು ತಿಂಗಳ ಕೊನೆಯಲ್ಲಿ ಮತ್ತು ರಜಾದಿನಗಳಲ್ಲಿ ಒಟ್ಟಿಗೇ ಬರುತ್ತಾರೆ, ನಮ್ಮಲ್ಲಿ ಈ ಕೆಲಸಕ್ಕೆ ಮೀಸಲಿಡಬಹುದಾದ ಬಡಗಿಗಳು ಇಬ್ಬರೇ. ಆದ್ದರಿಂದ ದಿನಕ್ಕೆ ಒಂದೇ ಮನೆ ಎಂಬ ಮಿತಿಯನ್ನು ಸಡಿಲಿಸಲಾರೆವು.

ಪ್ರಯೋಗ ಫಲಿಸಿತೋ ಇಲ್ಲವೋ ಎಂಬುದನ್ನು ಅನಿಸಿಕೆಯ ಮೇಲೆ ಬಿಡದೆ ಮೂರು ವಿವರಗಳನ್ನು ಪ್ರತಿ ಮನೆಗೂ ಬರೆದಿಡೋಣ: ಲಾರಿ ತುಂಬಲು ಹಿಡಿದ ಸಮಯ, ಬಿಚ್ಚಿದ ವಸ್ತುಗಳಿಗೆ ಆದ ಹಾನಿ, ಹದಿನೈದು ದಿನಗಳ ನಂತರ ಫೋನಿನಲ್ಲಿ ಕೇಳಿದಾಗ ಗ್ರಾಹಕರು ಕೊಟ್ಟ ಉತ್ತರ. ಹೋಲಿಕೆಗಾಗಿ ನಾವು ಭಾಗವಹಿಸದ ಕೆಲವು ಮನೆಗಳ ಮಾಹಿತಿಯನ್ನೂ ತಾವು ಅದೇ ರೀತಿ ದಾಖಲಿಸಿದರೆ ಒಳ್ಳೆಯದು, ಇಲ್ಲದಿದ್ದರೆ ನಮ್ಮಿಂದ ಏನು ಬದಲಾಯಿತೆಂದು ತಿಳಿಯುವುದಿಲ್ಲ. ಆರನೇ ವಾರದಲ್ಲಿ ಒಮ್ಮೆ ಸೇರಿ ಕ್ರಮವನ್ನು ತಿದ್ದಿಕೊಳ್ಳೋಣ. ಅವಧಿ ಮುಗಿದ ಮೇಲೆ ಮುಂದುವರಿಸಬೇಕೆಂಬ ಬದ್ಧತೆ ಯಾರಿಗೂ ಇಲ್ಲ. ಮಧ್ಯದಲ್ಲಿ ಬಿಡಬೇಕೆನಿಸಿದರೆ 7 ದಿನಗಳ ಲಿಖಿತ ಸೂಚನೆ ಸಾಕು, ಆದರೆ ಅದಕ್ಕೆ ಮುಂಚೆ ಗ್ರಾಹಕರಿಗೆ ಒಪ್ಪಿಕೊಂಡ ಕೆಲಸಗಳನ್ನು ಇಬ್ಬರೂ ಪೂರೈಸಬೇಕು.

ತಾವು ಬೇರೆ ಬಡಗಿಗಳೊಂದಿಗೂ ನಾವು ಬೇರೆ ಸಾಗಣೆ ಸಂಸ್ಥೆಗಳೊಂದಿಗೂ ವ್ಯವಹರಿಸಲು ಅಡ್ಡಿಯಿಲ್ಲ. ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ಸೆಳೆದುಕೊಳ್ಳಬಾರದು. ಗ್ರಾಹಕರ ವಿಳಾಸ, ಫೋನ್ ಸಂಖ್ಯೆ ಮತ್ತು ಮನೆಯ ಚಿತ್ರಗಳನ್ನು ಆಯಾ ಕೆಲಸಕ್ಕಷ್ಟೇ ಬಳಸುತ್ತೇವೆ. ಅವರಾಗಿ ಕೇಳದ ಹೊರತು ನಮ್ಮ ಇತರ ಸೇವೆಗಳ ಪ್ರಚಾರಕ್ಕಾಗಿ ಅವರನ್ನು ಸಂಪರ್ಕಿಸುವುದಿಲ್ಲ.

ತಮಗೆ ಒಪ್ಪಿಗೆಯೆನಿಸಿದರೆ ಮುಂದಿನ 10 ದಿನಗಳಲ್ಲಿ ಅರ್ಧ ಗಂಟೆಯ ಭೇಟಿಗೆ ಸಮಯ ಕೊಡಬೇಕೆಂದು ವಿನಂತಿ. ಆ ಭೇಟಿಯಲ್ಲಿ ಲಾರಿ ತುಂಬಿಸುವ ತಮ್ಮ ಮೇಲ್ವಿಚಾರಕರೂ ಇರಲಿ ಎಂಬುದು ನಮ್ಮ ಆಸೆ. ಬೆಳಗಿನ ಎರಡು ಗಂಟೆಯ ಅಂತರ ಸಾಕೋ ಸಾಲದೋ ಎಂಬಂತಹ ಪ್ರಶ್ನೆಗಳಿಗೆ ನಮಗಿಂತ ಅವರ ಉತ್ತರವೇ ಹೆಚ್ಚು ಸರಿಯಾಗಿರುತ್ತದೆ. ಹಾನಿಯ ಹೊಣೆ ಮತ್ತು ಪಾವತಿಯ ಅವಧಿ ಕುರಿತು ತಾವು ಸೂಚಿಸುವ ತಿದ್ದುಪಡಿಗಳನ್ನು ಚರ್ಚಿಸಲು ಸಿದ್ಧರಿದ್ದೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮಾಲೀಕರು
ಮರದ ಪೀಠೋಪಕರಣ ದುರಸ್ತಿ ಮತ್ತು ಪಾಲಿಶ್ ಕಾರ್ಯಾಗಾರ

ಲಗತ್ತು: ವಸ್ತುವಾರು ದರಪಟ್ಟಿ, ಸ್ಥಿತಿ ದಾಖಲೆ ಮತ್ತು ಹಸ್ತಾಂತರ ಪತ್ರದ ಮಾದರಿ