ಅಡಿಕೆ ಮಂಡಿಯ ಮಾತು: ಆರು ಪದ

1
ಶಿವಮೊಗ್ಗದ ಧಾರಣೆ ಪಟ್ಟಿ ನೋಡಿದ್ದೀರಾ? ಸರಕು, ಬೆಟ್ಟೆ, ರಾಶಿ, ಗೊರಬಲು. ನಾಲ್ಕಕ್ಕೂ ದರ ಬೇರೆ. ನಾಲ್ಕೂ ಒಂದೇ ಮರದಿಂದ ಬರಬಹುದು ಅಂದರೆ ನಂಬ್ತೀರಾ?
ತೋಟದ ಮನೆಗೆ ಹೊಸದಾಗಿ ಬಂದವರಿಗೆ, ಅಡಿಕೆ ಮಾತು ಕೇಳಿ ಸುಮ್ನೆ ತಲೆ ಆಡಿಸುವವರಿಗೆ ಇದು. ಎಡಕ್ಕೆ ಸರಿಸಿ 👉

2. ಕೊನೆ
ಅಡಿಕೆಯ ಗೊಂಚಲು. ಅದನ್ನು ಇಳಿಸುವ ಕೆಲಸಕ್ಕೂ ಇದೇ ಹೆಸರು.
ಉದಾ: "ನಾಳೆ ನಮ್ಮಲ್ಲಿ ಕೊನೆ, ಮದುವೆಗೆ ಬರಕ್ಕಾಗಲ್ಲ ಭಾವ."
(ಮದುವೆ ಮನೆಯವರೂ ಬೇಜಾರು ಮಾಡಿಕೊಳ್ಳಲ್ಲ. ಅವರ ಮನೆಯಲ್ಲೂ ಕೊನೆ ಇರುತ್ತದೆ.)

3. ಸರಕು
ಎಳೆಯ ಕಾಯಿಯನ್ನು ಸುಲಿದು, ಹೆಚ್ಚಿ, ಬೇಯಿಸಿ ಒಣಗಿಸಿದ ಅಡಿಕೆ. ಕೆಲವರು 'ಹಸ' ಅನ್ನುತ್ತಾರೆ. ದರ ಎಲ್ಲಕ್ಕಿಂತ ಜಾಸ್ತಿ. ಆದರೆ ಎಳೆಕಾಯಿ ಒಣಗಿದರೆ ತೂಕ ನಿಲ್ಲಲ್ಲ. ಬರೀ ದರ ನೋಡಿ ಬೇಗ ಕೊಯ್ಯಬೇಡಿ.
ಉದಾ: "ಸರಕು ಮಾಡೋಣ ಅಂತಿದ್ದೆ, ಮಳೆ ಬಿಡಲಿಲ್ಲ. ಕಾಯಿ ಬಲಿತೇ ಹೋಯ್ತು."
ಇದಕ್ಕಿಂತ ಸ್ವಲ್ಪ ಬಲಿತದ್ದು ಬೆಟ್ಟೆ.

4. ರಾಶಿ
ಇನ್ನೂ ಬಲಿತ, ಆದರೆ ಹಣ್ಣಾಗದ ಕಾಯಿ. ಹೆಚ್ಚದೆ ಇಡಿಯಾಗಿ ಬೇಯಿಸುತ್ತಾರೆ. 'ಕೆಂಪಡಿಕೆ ರೇಟು ಎಷ್ಟು' ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಇದರದ್ದೇ.
ಉದಾ: "ಮಂಡಿಗೆ ಹತ್ತು ಚೀಲ ರಾಶಿ ಹಾಕಿ ಬಂದೆ."

5. ಚೊಗರು
ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಡುಗೆಂಪು ನೀರು. ಚೆಲ್ಲಬೇಡಿ! ಮುಂದಿನ ಹಂಡೆಯ ಅಡಿಕೆಗೆ ಬಣ್ಣ, ಹೊಳಪು ಬರುವುದು ಇದರಿಂದಲೇ. ನನ್ನ ಮೊದಲ ಸುಗ್ಗಿಯಲ್ಲಿ, ಪಾತ್ರೆ ತೊಳೆಯುವ ಹುರುಪಿನಲ್ಲಿ, ಒಂದು ಕೊಡ ಚೊಗರನ್ನು ಬಚ್ಚಲಿಗೆ ಸುರಿದಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಬಚ್ಚಲ ಕಲ್ಲು ಮಾತ್ರ ಬೇಸಿಗೆವರೆಗೂ ಕೆಂಪಗೇ ಇತ್ತು. ಬೆರಳಿನ ಕಲೆಯೂ ಹಾಗೇ, ಸೋಪಿಗೆ ಜಗ್ಗಲ್ಲ.
ಉದಾ: "ಬರೀ ನೀರು ಹಾಕ್ಬೇಡ ಮಾರಾಯ್ತಿ, ಹಳೇ ಚೊಗರು ಸೇರಿಸು."

6. ಗೊರಬಲು
ಕೊಯ್ಲು ತಡವಾಗಿ, ತೀರಾ ಬಲಿತ ಕಾಯಿಯಿಂದ ಮಾಡಿದ ಒರಟು ಅಡಿಕೆ. ಪಟ್ಟಿಯಲ್ಲಿ ಕೆಳಗಿನ ದರ.
ಉದಾ: "ಕೊನೆ ತೆಗೆಯೋರು ಸಿಗೋ ಹೊತ್ತಿಗೆ ಅರ್ಧ ತೋಟ ಗೊರಬಲಾಗಿತ್ತು."

7. ಖೇಣಿ
ಫಸಲು ಮರದಲ್ಲಿರುವಾಗಲೇ ಇನ್ನೊಬ್ಬರಿಗೆ ಒಪ್ಪಿಸುವುದು. ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಖೇಣಿದಾರರದ್ದು. ನಿಮಗೆ ಮಾತಾದಷ್ಟು ಒಣ ಅಡಿಕೆ ಅಥವಾ ದುಡ್ಡು.
ಉದಾ: "ಆಳು ಸಿಗಲಿಲ್ಲ ಮಾವ, ಖೇಣಿ ಕೊಟ್ಟೆ. ಕ್ವಿಂಟಲ್ ಹಸಿಕಾಯಿಗೆ 13 ಕೆ.ಜಿ. ಒಣ ಅಡಿಕೆ ಅಂತ ಮಾತು."
ಹಸಿಕಾಯಿ ತೂಗುವುದು ಯಾರ ತಕ್ಕಡಿಯಲ್ಲಿ ಅಂತ ಮೊದಲೇ ಕೇಳಿಕೊಳ್ಳಿ. ನಾವು ಒಂದು ವರ್ಷ ಕೇಳಿರಲಿಲ್ಲ.